ಬೆಂಗಳೂರು–ದೆಹಲಿ ವಿಮಾನ: ತಡದ ಬಗ್ಗೆ ಕ್ಯಾಪ್ಟನ್ ಪ್ರಕಟಣೆ

ಎಲ್ಲರಿಗೂ ನಮಸ್ಕಾರ. ನಾನು ನಿಮ್ಮ ಕ್ಯಾಪ್ಟನ್. ದೆಹಲಿಯಲ್ಲಿ ದಟ್ಟ ಮಂಜು ಕವಿದಿದೆ, ಹಾಗಾಗಿ 6:10ಕ್ಕೆ ಹೊರಡಲು ಆಗುವುದಿಲ್ಲ. ನಮಗೆ ಕೊಟ್ಟಿರುವ ಹೊಸ ಟೇಕಾಫ್ ಸಮಯ 9:20. ದೆಹಲಿ ಮುಟ್ಟುವಾಗ ಮಧ್ಯಾಹ್ನ 12 ಆಗುತ್ತದೆ. ವಿಮಾನದಲ್ಲಿ ಯಾವ ದೋಷವೂ ಇಲ್ಲ.

ಈಗಲೇ ಒಂದು ಕೆಲಸ. ಇಂಧನದ ಗಾಡಿ ಬಂದು ನಿಂತಿದೆ. ಮುಂದಿನ 20 ನಿಮಿಷ ಸೀಟಲ್ಲೇ ಕೂತಿರಿ, ಆದರೆ ಬೆಲ್ಟ್ ಬಿಚ್ಚಿರಿ. ಓಡಾಡುವ ದಾರಿಯಲ್ಲಿ ಬ್ಯಾಗ್ ಬೇಡ. ಇಂಧನ ತುಂಬುವಾಗ ಏನೇ ಆದರೂ ಎಲ್ಲರೂ ತಕ್ಷಣ ಇಳಿಯುವಂತಿರಬೇಕು, ಅದಕ್ಕೆ.

ದೆಹಲಿ ರನ್‌ವೇಯಲ್ಲಿ ಈಗ 75 ಮೀಟರ್‌ಗಿಂತ ಆಚೆ ಏನೂ ಕಾಣುತ್ತಿಲ್ಲ. ಇಂಥ ಮಂಜಿನಲ್ಲಿ ಇಳಿಯುವ ಸಲಕರಣೆ ಈ ವಿಮಾನದಲ್ಲಿದೆ, ನಮಗಿಬ್ಬರು ಪೈಲಟ್‌ಗಳಿಗೂ ತರಬೇತಿ ಆಗಿದೆ. ತೊಡಕು ಬೇರೆ ಕಡೆ. ಇಳಿಯಲು 50 ಮೀಟರ್ ಕಂಡರೂ ಸಾಕು, ಅಲ್ಲಿಂದ ಮೇಲೇರಲು 125 ಮೀಟರ್ ಬೇಕು. ಹೊರಡಬೇಕಾದ ವಿಮಾನಗಳು ಹೊರಡದೆ ಅಲ್ಲಿ ಜಾಗ ಖಾಲಿಯಾಗುತ್ತಿಲ್ಲ. ಇಳಿಯುವವುಗಳ ನಡುವೆ ಅಂತರವನ್ನೂ ಹೆಚ್ಚಿಸಿದ್ದಾರೆ. ಈಗ ಹೊರಟರೆ ಅಲ್ಲಿ ಸುತ್ತು ಹಾಕಿ ಹಾಕಿ, ಕೊನೆಗೆ ಬೇರೆ ಊರಲ್ಲಿ ಇಳಿಯಬೇಕಾದೀತು. ಇಲ್ಲಿ ಕಾಯುವುದೇ ಮೇಲು ಎಂಬುದು ನನ್ನ ನಿರ್ಧಾರ. ಮುನ್ನೆಚ್ಚರಿಕೆಗೆ 2,000 ಕಿಲೋ ಹೆಚ್ಚು ಇಂಧನ ತುಂಬಿಸುತ್ತಿದ್ದೇನೆ. ಅಲ್ಲಿ ಮುಕ್ಕಾಲು ಗಂಟೆ ಹೆಚ್ಚು ಕಾಯಬಹುದು.

ಇಂಧನ ತುಂಬಿದ ಮೇಲೆ ಇಳಿಯಬಹುದು. ಕೈಚೀಲ, ಬೋರ್ಡಿಂಗ್ ಪಾಸ್ ಎರಡನ್ನೂ ಜೊತೆಗೇ ಒಯ್ಯಿರಿ. ಗೇಟ್ ಹತ್ತಿರ ತಿಂಡಿ, ಕಾಫಿ, ನೀರು ಕೊಡುತ್ತಾರೆ. ಗೇಟ್ ಬಿಟ್ಟು ದೂರ ಹೋಗಬೇಡಿ: 8:20ಕ್ಕೆ ಮತ್ತೆ ಹತ್ತಿಸಿಕೊಳ್ಳುತ್ತೇವೆ, 8:50ಕ್ಕೆ ಬಾಗಿಲು ಮುಚ್ಚುತ್ತೇವೆ. ತಡವಾದರೆ ಈ ಸರದಿ ಕೈತಪ್ಪುತ್ತದೆ. ಇಳಿಯಲು ಕಷ್ಟವಿರುವ ಹಿರಿಯರು, ಕೈಗೂಸಿನ ತಾಯಂದಿರು ಇಲ್ಲೇ ಕೂತಿರಬಹುದು. ಸಕ್ಕರೆ ಕಾಯಿಲೆಯವರು ಹಸಿದುಕೊಂಡು ಕೂರಬೇಡಿ, ನಮ್ಮ ಸಿಬ್ಬಂದಿಗೆ ಈಗಲೇ ಹೇಳಿ.

ಪ್ರಯಾಣ ಬೇಡ ಎನ್ನುವವರು 7:30ರೊಳಗೆ ಗೇಟಲ್ಲಿ ತಿಳಿಸಿ. ನೀವಿಲ್ಲದೆ ನಿಮ್ಮ ಲಗೇಜ್ ಹಾರುವಂತಿಲ್ಲ. ಕೆಳಗಿನ ಪೆಟ್ಟಿಗೆಗಳಲ್ಲಿ ಅದನ್ನು ಹುಡುಕಿ ತೆಗೆಯಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ.

ದೆಹಲಿಯಿಂದ ಮುಂದಿನ ವಿಮಾನ ಇರುವವರು, ಎರಡೂ ಒಂದೇ ಟಿಕೆಟ್‌ನಲ್ಲಿದ್ದರೆ ಗೇಟಲ್ಲಿ ಹೇಳಿ, ಬದಲಿ ವಿಮಾನ ನೋಡಿಕೊಡುತ್ತಾರೆ. ಬೇರೆ ಬೇರೆ ಟಿಕೆಟ್ ಆಗಿದ್ದರೆ ಆ ಸಂಸ್ಥೆಗೆ ಈಗಲೇ ಫೋನ್ ಮಾಡಿ, ದೆಹಲಿಗೆ ಬಂದ ಮೇಲೆ ನೋಡೋಣ ಅನ್ನಬೇಡಿ.

9:20 ಖಚಿತ ಎಂದು ನಾನು ಮಾತು ಕೊಡಲಾರೆ. ಬಿಸಿಲೇರಿದಂತೆ ಮಂಜು ಸಾಮಾನ್ಯವಾಗಿ ಕರಗುತ್ತದೆ, ಒಮ್ಮೊಮ್ಮೆ ಹಟ ಹಿಡಿದು ಕೂರುವುದೂ ಉಂಟು. ಹೊಸ ಸುದ್ದಿ ಇರಲಿ, ಇಲ್ಲದಿರಲಿ, 7:30ಕ್ಕೆ ಗೇಟಿಗೆ ಬಂದು ನಾನೇ ತಿಳಿಸುತ್ತೇನೆ. ನಿಮಗಾಗುತ್ತಿರುವ ತೊಂದರೆಗೆ ಕ್ಷಮೆ ಇರಲಿ. ಇದನ್ನೇ ಈಗ ಹಿಂದಿ, ಇಂಗ್ಲಿಷಿನಲ್ಲಿ ಹೇಳುತ್ತೇನೆ.