ಮುಂದಿನ ವರ್ಷದ ದುಡಿಯುವ ಬಂಡವಾಳ: ಸ್ಟಾಕ್, ಬಾಕಿ ಮತ್ತು ಸಾಲದ ದಿನಗಳಿಂದ ಅಂದಾಜು

ಪಾಲುದಾರರ ಗಮನಕ್ಕೆ, ಲೆಕ್ಕಪತ್ರ ವಿಭಾಗದಿಂದ. ಮೊತ್ತಗಳೆಲ್ಲ ಲಕ್ಷಗಳಲ್ಲಿ.

ಬ್ಯಾಂಕಿನ ಮಿತಿಯನ್ನು 100ರಿಂದ 145ಕ್ಕೆ ಏರಿಸಿಕೊಳ್ಳೋಣ ಎಂದು ಕಳೆದ ಸಭೆಯಲ್ಲಿ ಮಾತಾಯಿತು. ಲೆಕ್ಕ ಹಾಕಿ ನೋಡಿದ ಮೇಲೆ ನನ್ನ ಅಭಿಪ್ರಾಯ: 120 ಸಾಕು. ಉಳಿದ 25 ನಮ್ಮ ಗೋದಾಮಿನಲ್ಲೂ ಒಬ್ಬ ಗ್ರಾಹಕರ ಬಳಿಯೂ ಇದೆ.

ಮೊದಲು ಅಂಕಿಗಳ ಬಗ್ಗೆ ಒಂದು ಮಾತು. ವರ್ಷಾಂತ್ಯದ ಅಢಾವೆ ಪತ್ರಿಕೆಯ ಬಾಕಿಗಳನ್ನು ನಾನು ತೆಗೆದುಕೊಂಡಿಲ್ಲ. ಕೊನೆಯ ತಿಂಗಳು ಬಿಲ್ಲು ಮಾಡುವ ಭರಾಟೆಯಲ್ಲಿ ಸ್ಟಾಕ್ 84ಕ್ಕೆ ಇಳಿದು, ಗ್ರಾಹಕರ ಬಾಕಿ 151ಕ್ಕೆ ಏರಿತ್ತು. ಆ ಒಂದು ದಿನದ ಚಿತ್ರ ವರ್ಷದ ಚಿತ್ರವಲ್ಲ. ಹನ್ನೆರಡು ತಿಂಗಳ ಕೊನೆಯ ಬಾಕಿಗಳ ಸರಾಸರಿಯನ್ನೇ ಹಿಡಿದಿದ್ದೇನೆ. ಬಾಕಿಗಳಲ್ಲೂ ಮಾರಾಟ, ಖರೀದಿಗಳಲ್ಲೂ ತೆರಿಗೆಯನ್ನು ಬಿಟ್ಟಿದ್ದೇನೆ. ತೆರಿಗೆ ಸೇರಿದ ಬಾಕಿಯನ್ನು ತೆರಿಗೆಯಿಲ್ಲದ ಮಾರಾಟದಿಂದ ಭಾಗಿಸಿದರೆ ದಿನಗಳು ಸುಮ್ಮನೆ ಉಬ್ಬುತ್ತವೆ.

ಕಳೆದ ವರ್ಷ

ಮಾರಾಟ 730, ಮಾರಿದ ಸರಕಿನ ವೆಚ್ಚ 547.5, ಖರೀದಿ 365. 365 ದಿನಕ್ಕೆ ಹಂಚಿದರೆ ದಿನಕ್ಕೆ ಕ್ರಮವಾಗಿ 2, 1.5 ಮತ್ತು 1.

| | ಸರಾಸರಿ ಬಾಕಿ | ದಿನಕ್ಕೆ | ದಿನಗಳು |
|---|---|---|---|
| ಸ್ಟಾಕ್ | 108 | 1.5 (ವೆಚ್ಚ) | 72 |
| ಗ್ರಾಹಕರಿಂದ ಬರಬೇಕಾದ್ದು | 116 | 2 (ಮಾರಾಟ) | 58 |
| ಪೂರೈಕೆದಾರರಿಗೆ ಕೊಡಬೇಕಾದ್ದು | 41 | 1 (ಖರೀದಿ) | 41 |

72 + 58 − 41 = 89. ಅಂದರೆ ಕಚ್ಚಾಮಾಲಿಗೆ ನಾವು ಹಣ ಕೊಟ್ಟ ದಿನದಿಂದ ಅದು ಗ್ರಾಹಕರ ಕೈಯಿಂದ ಮರಳಿ ಬರುವ ದಿನದವರೆಗೆ ಸರಾಸರಿ 89 ದಿನ. ಇದೇ ನಮ್ಮ ನಗದು ಪರಿವರ್ತನಾ ಚಕ್ರ.

ಇಲ್ಲೊಂದು ಎಡವಟ್ಟು ಸುಲಭವಾಗಿ ಆಗುತ್ತದೆ. ನನ್ನ ಮೊದಲ ಕರಡಿನಲ್ಲೂ ಆಗಿತ್ತು. 89 ದಿನವನ್ನು ದಿನದ ಮಾರಾಟದಿಂದ ಗುಣಿಸಿದರೆ 178 ಬರುತ್ತದೆ, ದಿನದ ವೆಚ್ಚದಿಂದ ಗುಣಿಸಿದರೆ 133.5. ಎರಡೂ ತಪ್ಪು. ಮೂರು ಬಗೆಯ ದಿನಗಳಿಗೆ ಮೂರು ಬಗೆಯ ತೂಕ. ಸ್ಟಾಕಿನ ಒಂದು ದಿನ ಎಂದರೆ 1.5, ಗ್ರಾಹಕರ ಒಂದು ದಿನ 2, ಪೂರೈಕೆದಾರರ ಒಂದು ದಿನ ಬರೀ 1. ಆದ್ದರಿಂದ ಒಂದೊಂದನ್ನೂ ಅದರದೇ ದರದಿಂದ ಗುಣಿಸಿಯೇ ಕೂಡಿ ಕಳೆಯಬೇಕು:

```
72 × 1.5 + 58 × 2 − 41 × 1 = 183
```

ಇದಕ್ಕೆ ಕೈಯಲ್ಲಿ ಇಟ್ಟುಕೊಂಡ ನಗದು 12 ಸೇರಿದರೆ 195. ಅದರಲ್ಲಿ ನಮ್ಮ ಸ್ವಂತದ್ದು 105, ಬ್ಯಾಂಕಿನದು 90.

ಈ ತೂಕದ ವ್ಯತ್ಯಾಸ ಬರೀ ಲೆಕ್ಕದ ಸೂಕ್ಷ್ಮವಲ್ಲ. ಪೂರೈಕೆದಾರರನ್ನು ಹತ್ತು ದಿನ ಹೆಚ್ಚು ಕಾಯಿಸಿದರೆ 10 ಉಳಿಯುತ್ತದೆ, ಗ್ರಾಹಕರಿಂದ ಐದು ದಿನ ಮೊದಲೇ ವಸೂಲಿ ಮಾಡಿದರೂ ಅಷ್ಟೇ ಉಳಿಯುತ್ತದೆ. ನಾವು ಈವರೆಗೆ ಜಗ್ಗಿದ್ದು ಮಾತ್ರ ಪೂರೈಕೆದಾರರ ಕಡೆಯ ಹಗ್ಗವನ್ನೇ.

58 ದಿನದ ಒಳಗೆ

ನಮ್ಮ ಷರತ್ತು 45 ದಿನ. ಬಾಕಿಯನ್ನು ಗ್ರಾಹಕರವಾರು ಬಿಡಿಸಿದಾಗ 116ರಲ್ಲಿ 27 ಒಬ್ಬರದೇ ಎಂದು ಕಂಡಿತು. ಅವರಿಗೆ ನಮ್ಮ ವರ್ಷದ ಮಾರಾಟ 91.25, ಎಂದರೆ ದಿನಕ್ಕೆ ಕಾಲು ಲಕ್ಷ. 27ನ್ನು 0.25ರಿಂದ ಭಾಗಿಸಿ: 108 ದಿನ. ಉಳಿದವರದು 89, ದಿನಕ್ಕೆ 1.75, ಸುಮಾರು 51 ದಿನ. ಮಾರಾಟದ ಎಂಟನೇ ಒಂದು ಪಾಲು ಕೊಳ್ಳುವವರು ಸರಾಸರಿಯನ್ನು ಏಳು ದಿನ ಮೇಲೆತ್ತಿದ್ದಾರೆ.

ಅವರ ಬಿಲ್ಲುಗಳ ಕಡತ ತೆಗೆದು ಕೂತು ನೋಡಿದೆ. ತಡವಾದ ಹದಿನಾಲ್ಕು ಬಿಲ್ಲುಗಳಲ್ಲಿ ಒಂಬತ್ತರ ಮೇಲೆ ಅವರ ಖರೀದಿ ಆದೇಶದ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದ ಬಿಲ್ಲನ್ನು ಅವರ ಲೆಕ್ಕವಿಭಾಗ ಪಕ್ಕಕ್ಕಿಡುತ್ತದೆ, ನಾವು ಫೋನ್ ಮಾಡಿ ಕೇಳಿದಾಗ ವಾಪಸ್ ಕಳಿಸುತ್ತದೆ, ತಿದ್ದಿದ ಬಿಲ್ಲು ತಲುಪಿದ ದಿನದಿಂದ 45 ಎಣಿಸುತ್ತದೆ. ಅವರು ಕೊಡುವುದಿಲ್ಲ ಎಂದು ನಾವು ಗೊಣಗುತ್ತಿದ್ದೆವು. ಅರ್ಧಕ್ಕಿಂತ ಹೆಚ್ಚು ತಡ ನಮ್ಮ ಮೇಜಿನ ಮೇಲೆಯೇ ಹುಟ್ಟಿದೆ.

72 ದಿನದ ಒಳಗೆ

108ರಲ್ಲಿ ಕಚ್ಚಾಮಾಲು 45, ಅರೆಸಿದ್ಧ ಮಾಲು 18, ಸಿದ್ಧ ಮಾಲು 45. ಸಿದ್ಧ ಮಾಲಿನಲ್ಲಿ 9ರಷ್ಟು ಹಳೆಯ ಮಾದರಿಯ ಪಂಪಿನ ಬಿಡಿಭಾಗಗಳು, ವರ್ಷದಿಂದ ಒಂದು ತುಂಡೂ ಹೊರಗೆ ಹೋಗಿಲ್ಲ. ಆ 9 ಎಂದರೆ ಆರು ದಿನ. ಗುಜರಿಗೆ ಹಾಕಿದರೆ ನಷ್ಟ ಬರೆಯಬೇಕು ಎಂಬ ಹಿಂಜರಿಕೆ ಅರ್ಥವಾಗುತ್ತದೆ, ಆದರೆ ನಷ್ಟ ಆಗಿಹೋಗಿದೆ, ಬರೆಯುವುದಷ್ಟೇ ಬಾಕಿ.

ಮುಂದಿನ ವರ್ಷ

ಮಾರಾಟ ಶೇ 25 ಏರಿ 912.5 ಆಗುತ್ತದೆ ಎಂದು ಒಪ್ಪಿದ್ದೇವೆ. ದಿನಕ್ಕೆ ಮಾರಾಟ 2.5, ವೆಚ್ಚ 1.875, ಖರೀದಿ 1.25. ದಿನಗಳು ಈಗಿನಂತೆಯೇ ಇದ್ದರೆ:

```
72 × 1.875 + 58 × 2.5 − 41 × 1.25 = 228.75
```

ಹೆಚ್ಚುವರಿ 45.75. ನಿವ್ವಳ ಲಾಭ 54.75 ಎಂದು ಅಂದಾಜು, ಪಾಲುದಾರರ ಹಿಂತೆಗೆತ 30 ಹೋದರೆ ಉಳಿಯುವುದು 24.75. ಲಾಭ ಇದ್ದೂ ಖಾತೆ ಖಾಲಿ ಏಕೆ ಎಂದು ಪ್ರತಿ ವರ್ಷ ಬರುವ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಸ್ಟಾಕನ್ನು 64 ದಿನಕ್ಕೆ, ಬಾಕಿಯನ್ನು 50ಕ್ಕೆ ಇಳಿಸಿದರೆ:

```
64 × 1.875 + 50 × 2.5 − 41 × 1.25 = 193.75
```

ಚಕ್ರ 73 ದಿನಕ್ಕೆ ಬರುತ್ತದೆ, 35 ಬಿಡುಗಡೆಯಾಗುತ್ತದೆ. ನಗದು 15 ಸೇರಿಸಿ 208.75. ಸ್ವಂತದ್ದು 105 + 24.75 = 129.75. ಬ್ಯಾಂಕಿನಿಂದ ಬೇಕಾದ್ದು 79.

ಆದರೆ 79 ಸರಾಸರಿ. ಮಾರಾಟ ಜೋರಾಗಿರುವ ಎರಡು ತಿಂಗಳಲ್ಲಿ ದಿನಕ್ಕೆ 3 ಆಗುತ್ತದೆ, ಆಗ ಗ್ರಾಹಕರ ಬಾಕಿ 150. ಇನ್ನೂ 25 ಬೇಕು, ಒಟ್ಟು 104. ವಸೂಲಿ ಐದು ದಿನ ಜಾರಿದರೂ ತಡೆದುಕೊಳ್ಳಲು ಸ್ವಲ್ಪ ಬಿಟ್ಟು 120 ಎಂದಿದ್ದೇನೆ. ಏನೂ ಬದಲಾಗದಿದ್ದರೆ ಇದೇ ಲೆಕ್ಕದಲ್ಲಿ ಸರಾಸರಿ 114, ಏರುಗಾಲದಲ್ಲಿ 143. ಸಭೆಯಲ್ಲಿ ಕೇಳಿದ 145 ಅದೇ.

ಕೊಡಬೇಕಾದ 41 ದಿನವನ್ನು ಬೇಕೆಂದೇ ಮುಟ್ಟಿಲ್ಲ. ಎರಕದ ಪೂರೈಕೆದಾರರು 30 ದಿನದೊಳಗೆ ಕೊಟ್ಟರೆ ಶೇ 2 ಬಿಡುತ್ತಾರೆ, ಇಲ್ಲದಿದ್ದರೆ 60 ದಿನ. ಆ ಮೂವತ್ತು ದಿನದ ಬೆಲೆ, 98ಕ್ಕೆ 2ರಂತೆ, ವರ್ಷಕ್ಕೆ ಶೇ 24.8. ನಮ್ಮ ಬ್ಯಾಂಕಿನ ಬಡ್ಡಿ ಇದರ ಅರ್ಧವೂ ಇಲ್ಲ. ಡೆಲ್ ಕಂಪನಿ 1990ರ ದಶಕದ ಕೊನೆಯಲ್ಲಿ ಚಕ್ರವನ್ನು ಸೊನ್ನೆಯ ಕೆಳಗೆ ಇಳಿಸಿತ್ತು ಎಂಬ ಉದಾಹರಣೆ ಬಂದಿತ್ತು. ಅವರು ಆರ್ಡರ್ ಬಂದ ಮೇಲೆ ಜೋಡಿಸಿ, ಹಣ ಬೇಗ ಪಡೆದು, ಪೂರೈಕೆದಾರರಿಗೆ ನಿಧಾನವಾಗಿ ಕೊಡುತ್ತಿದ್ದರು. ಎರಕ ಹೊಯ್ದು ಯಂತ್ರಕ್ಕೆ ಹಾಕುವ ನಮಗೆ ಆ ಸೌಲಭ್ಯವಿಲ್ಲ.

ಸೋಮವಾರದ ಸಭೆಯಲ್ಲಿ ತೀರ್ಮಾನವಾಗಬೇಕಾದ್ದು ಎರಡು: ಹಳೆಯ ಬಿಡಿಭಾಗಗಳ ವಿಲೇವಾರಿಗೆ ಒಪ್ಪಿಗೆ, ಮತ್ತು ಆದೇಶ ಸಂಖ್ಯೆ ಇಲ್ಲದೆ ಯಾವ ಬಿಲ್ಲೂ ಹೊರಡಕೂಡದು ಎಂದು ಮಾರಾಟ ವಿಭಾಗಕ್ಕೆ ಲಿಖಿತ ಸೂಚನೆ. ಇವೆರಡೂ ಆಗದಿದ್ದರೆ ನನ್ನ 120 ಸುಳ್ಳಾಗುತ್ತದೆ, ಆಗ ಬ್ಯಾಂಕಿಗೆ 145 ಎಂದೇ ಬರೆಯುತ್ತೇನೆ.