ಕಾಂಟ್ರ್ಯಾಕ್ಟ್ ಒಂದನೇ ಪೇಪರ್: ಯಾರಿಗೆ ಏನು, ಯಾವಾಗ ಗೊತ್ತಿತ್ತು?

ನವನಗರದ ನಮ್ಮ ರೂಮಿನ ನಾಲ್ವರಿಗೂ ಒಂದೇ ನೋಟ್ಸ್. ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಓದಿ ಮುಗಿಸುವಷ್ಟೇ ಇದೆ. ನಾಲ್ಕು ಕೇಸುಗಳನ್ನು ಹೆಸರಿನ ಪ್ರಕಾರ ಉರು ಹೊಡೆದರೆ ಒಂದರ ಕಥೆ ಇನ್ನೊಂದಕ್ಕೆ ಸೇರಿಕೊಳ್ಳುತ್ತದೆ, ಇಂಟರ್ನಲ್‌ನಲ್ಲಿ ನನಗೆ ಆಗಿದ್ದೇ ಅದು. ಹಾಗಾಗಿ ಪ್ರತಿ ಕೇಸಿನಲ್ಲೂ ಒಂದೇ ಪ್ರಶ್ನೆ ಹಾಕಿಕೊಂಡಿದ್ದೇನೆ: ಯಾರಿಗೆ ಏನು, ಯಾವಾಗ ಗೊತ್ತಿತ್ತು?

ಲಾಲ್ಮನ್ ಶುಕ್ಲಾ ವಿರುದ್ಧ ಗೌರಿ ದತ್ (ಅಲಹಾಬಾದ್ ಹೈಕೋರ್ಟ್, 1913)

ಕಥೆ: ಮಾಲೀಕನ ಸೋದರಳಿಯ ಮನೆ ಬಿಟ್ಟು ಹೋದ. ಹುಡುಕಲು ಮುನೀಮನನ್ನು ಹರಿದ್ವಾರಕ್ಕೆ ಕಳಿಸಿದರು. ಅವನು ಹೋದ ಮೇಲೆ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಎಂದು ಮಾಲೀಕ ಕರಪತ್ರ ಹಂಚಿದ. ಮುನೀಮ ಹುಡುಗನನ್ನು ಪತ್ತೆ ಹಚ್ಚಿದ. ಬಹುಮಾನದ ಸುದ್ದಿ ಅವನಿಗೆ ಗೊತ್ತಾಗಿದ್ದು ಆಮೇಲೆ.

ವಿವಾದಾಂಶ: ಪ್ರಸ್ತಾಪವೇ ಗೊತ್ತಿಲ್ಲದೆ ಅದರಲ್ಲಿ ಹೇಳಿದ ಕೆಲಸ ಮಾಡಿದವನು ಬಹುಮಾನ ಕೇಳಬಹುದೇ?

ನಿಯಮ: ಕರಾರು ಕಾಯ್ದೆ 1872ರ ಕಲಂ 2(ಎ), 2(ಬಿ) ಮತ್ತು 8. ಷರತ್ತಿನಂತೆ ಕೆಲಸ ಮಾಡುವುದೂ ಒಪ್ಪಿಗೆಯೇ.

ತರ್ಕ: ಒಪ್ಪಬೇಕಾದರೆ ಏನನ್ನು ಒಪ್ಪುತ್ತಿದ್ದೇನೆ ಅಂತ ಮೊದಲು ಗೊತ್ತಿರಬೇಕು. ಇವನಿಗೆ ಗೊತ್ತಿರಲಿಲ್ಲ. ಅದೂ ಅಲ್ಲದೆ ಇವನು ನೌಕರ. ಹುಡುಕುವುದು ಆಗಲೇ ಅವನ ಕರ್ತವ್ಯವಾಗಿತ್ತು.

ತೀರ್ಪು: ಕರಾರು ಆಗಲಿಲ್ಲ, ಬಹುಮಾನ ಇಲ್ಲ.

ಪಾಪ ಅನ್ನಿಸುತ್ತದೆ, ನಿಜ. ಉತ್ತರದಲ್ಲಿ ಪಾಪ ಅನ್ನಬೇಡಿ. ನೌಕರಿಯ ಅಂಶವನ್ನು ಮಾತ್ರ ಬಿಡಬೇಡಿ, ಜಾಸ್ತಿ ಜನ ಬಿಡುವುದು ಅದನ್ನೇ.

ಕಾರ್ಲಿಲ್ ವಿರುದ್ಧ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ (ಇಂಗ್ಲೆಂಡಿನ ಅಪೀಲು ಕೋರ್ಟು, 1892)

ಇದು ಎಲ್ಲರಿಗೂ ಬರುತ್ತದೆ, ಚಿಕ್ಕದಾಗಿ ಬರೆದಿದ್ದೇನೆ. ನಮ್ಮ ಔಷಧವನ್ನು ದಿನಕ್ಕೆ 3 ಸಲದಂತೆ 2 ವಾರ ಬಳಸಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ ಎಂದು ಜಾಹೀರಾತು. ನಾವು ಸುಮ್ನೆ ಹೇಳುತ್ತಿಲ್ಲ ಎಂದು ತೋರಿಸಲು ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಅಂತಲೂ ಬರೆದಿದ್ದರು. ಕಾರ್ಲಿಲ್ ಬಳಸಿದರು, ಫ್ಲೂ ಬಂತು.

ವಿವಾದಾಂಶ: ಇಡೀ ಜಗತ್ತಿಗೆ ಮಾಡಿದ ಪ್ರಸ್ತಾಪ ಕಟ್ಟುಹಾಕುತ್ತದೆಯೇ? ಒಪ್ಪಿದ್ದೇನೆ ಎಂದು ಕಂಪನಿಗೆ ತಿಳಿಸಬೇಕಿತ್ತೇ?

ನಿಯಮ ಮತ್ತು ತರ್ಕ: ಪ್ರಸ್ತಾಪ ಎಲ್ಲರಿಗೂ, ಕರಾರು ಮಾತ್ರ ಷರತ್ತು ಪೂರೈಸಿದವರ ಜೊತೆ. ತಿಳಿಸುವುದು ಬೇಡ, ಬಳಸಿದರೆ ಸಾಕು ಎಂಬುದು ಜಾಹೀರಾತಿನ ರೀತಿಯಲ್ಲೇ ಇತ್ತು. ಬ್ಯಾಂಕಿನ ಹಣವೇ ಅವರ ಮನಸ್ಸು ಗಂಭೀರವಾಗಿತ್ತು ಎಂಬುದಕ್ಕೆ ಸಾಕ್ಷಿ.

ತೀರ್ಪು: 100 ಪೌಂಡ್ ಕೊಡಬೇಕು.

ಲಾಲ್ಮನ್ ಜೊತೆ ಜೋಡಿಸಿ: ಆಕೆ ಜಾಹೀರಾತು ಓದಿ ಕೊಂಡಿದ್ದರು, ಮುನೀಮ ಕರಪತ್ರ ನೋಡಿರಲಿಲ್ಲ.

ಭಗವಾನ್‌ದಾಸ್ ಕೇಡಿಯಾ ವಿರುದ್ಧ ಗಿರ್ಧರಿಲಾಲ್ (ಸುಪ್ರೀಂ ಕೋರ್ಟ್, ವರದಿ: ಎಐಆರ್ 1966)

ಇದು ನಮ್ಮ ಊರಿನ ಕೇಸು ಇದ್ದಂತಿದೆ. ವ್ಯಾಪಾರ ಹತ್ತಿಕಾಳಿನ ಹಿಂಡಿಯದ್ದು. ಅಹಮದಾಬಾದಿನವರು ಫೋನಿನಲ್ಲಿ ಹಿಂಡಿ ಕೊಳ್ಳುತ್ತೇವೆ ಎಂದರು, ಖಾಮ್‌ಗಾಂವ್‌ನವರು ಫೋನಿನಲ್ಲೇ ಆಗಲಿ ಎಂದರು. ಮಾಲು ಬರಲಿಲ್ಲ. ಕೊಳ್ಳುವವರು ಅಹಮದಾಬಾದಿನಲ್ಲಿ ದಾವೆ ಹಾಕಿದರು. ಎದುರಿನವರ ತಕರಾರು: ನಾವು ಒಪ್ಪಿದ್ದು ಖಾಮ್‌ಗಾಂವ್‌ನಲ್ಲಿ ಕೂತು, ಕರಾರು ಅಲ್ಲೇ ಆಯಿತು, ಈ ಕೋರ್ಟಿಗೆ ಅಧಿಕಾರ ಇಲ್ಲ.

ವಿವಾದಾಂಶ: ಫೋನಿನಲ್ಲಿ ಆದ ಕರಾರು ಎಲ್ಲಿ ಹುಟ್ಟುತ್ತದೆ? "ಆಗಲಿ" ಎಂದ ಊರಿನಲ್ಲೋ, ಅದು ಕೇಳಿಸಿದ ಊರಿನಲ್ಲೋ?

ನಿಯಮ: ಕಲಂ 4. ಒಪ್ಪಿಗೆಯನ್ನು ಕಳಿಸಿ, ಅದು ಒಪ್ಪಿದವನ ಕೈ ಮೀರಿದರೆ ಪ್ರಸ್ತಾಪ ಮಾಡಿದವನು ಕಟ್ಟುಬೀಳುತ್ತಾನೆ. ಅದು ಅವನ ಅರಿವಿಗೆ ಬಂದಾಗ ಒಪ್ಪಿದವನು ಕಟ್ಟುಬೀಳುತ್ತಾನೆ. ಅಂಚೆಗೆ ಹಾಕಿದ ಪತ್ರಕ್ಕೆ ಇದೇ ಲೆಕ್ಕ.

ತರ್ಕ (ಬಹುಮತ, ನ್ಯಾಯಮೂರ್ತಿ ಶಾ): ಅಂಚೆಯ ನಿಯಮ ಒಂದು ಅನುಕೂಲಕ್ಕೆ ಮಾಡಿಕೊಂಡ ವಿನಾಯಿತಿ. ಫೋನಿನಲ್ಲಿ ಇಬ್ಬರೂ ಎದುರೆದುರು ಮಾತಾಡಿದಂತೆ. ಆ ಕಡೆಗೆ ಕೇಳಿಸದಿದ್ದರೆ ಒಪ್ಪಿಗೆ ಮುಟ್ಟಿಲ್ಲ. 1872ರಲ್ಲಿ ಕಾಯ್ದೆ ಬರೆದವರ ಮನಸ್ಸಿನಲ್ಲಿ ಫೋನ್ ಇರಲಿಲ್ಲ. ಇಂಗ್ಲೆಂಡಿನ ಎಂಟೋರ್ಸ್ (1955) ಕೇಸಿನ ದಾರಿಯನ್ನೇ ಹಿಡಿದರು.

ಭಿನ್ನಮತ (ನ್ಯಾಯಮೂರ್ತಿ ಹಿದಾಯತುಲ್ಲಾ): ಕಲಂ 4ರ ಮಾತು ಸ್ಪಷ್ಟ ಇದೆ. ಮಾತು ಬಾಯಿಂದ ಹೊರಟು ಕೈ ಮೀರಿದ ಕೂಡಲೇ ಪ್ರಸ್ತಾಪ ಮಾಡಿದವನಿಗೆ ಸಂಬಂಧಿಸಿದಂತೆ ಒಪ್ಪಿಗೆ ಪೂರ್ಣ. ಆದ್ದರಿಂದ ಕರಾರು ಖಾಮ್‌ಗಾಂವ್‌ನದ್ದು. ನನಗೆ ಕೇಳಿದರೆ, ಕಾಯ್ದೆಯ ಅಕ್ಷರಕ್ಕೆ ಹತ್ತಿರ ಇರುವುದು ಇದೇ. ಬಹುಮತ ಹೇಳಿದ್ದು ವ್ಯವಹಾರಕ್ಕೆ ಹೊಂದುತ್ತದೆ. 10 ಅಂಕದ ಪ್ರಶ್ನೆ ಬಂದರೆ ಎರಡನ್ನೂ ಬರೆದು, ನಿಲ್ಲುವ ಕಾನೂನು ಬಹುಮತದ್ದು ಅಂತ ಹೇಳಿ.

ತೀರ್ಪು: ಒಪ್ಪಿಗೆ ಕೇಳಿಸಿದ ಜಾಗ ಅಹಮದಾಬಾದ್, ಕರಾರು ಅಲ್ಲೇ ಆಯಿತು, ಅಲ್ಲಿನ ಕೋರ್ಟಿಗೆ ಅಧಿಕಾರ ಇದೆ. ಬರೀ ಪ್ರಸ್ತಾಪ ಮಾಡಿದ ಜಾಗ ಎಂಬ ಕಾರಣಕ್ಕೆ ಅಲ್ಲ, ಇದನ್ನು ಅದಲು ಬದಲು ಮಾಡಬೇಡಿ.

ಪ್ರಾಬ್ಲಂ ಹೀಗೆ ಬರಬಹುದು: ಅಮರಗೋಳ ಎಪಿಎಂಸಿಯ ವ್ಯಾಪಾರಿ ಗದಗಿನವನಿಗೆ ಫೋನ್ ಮಾಡಿ 50 ಚೀಲ ಹಿಂಡಿ ಕೇಳಿದ, ಗದಗಿನವನು ಹೂಂ ಎಂದ. ಕರಾರು ಹುಬ್ಬಳ್ಳಿಯದ್ದು. ಗದಗಿನವನೇ ಮೊದಲು ಫೋನ್ ಮಾಡಿ "ಕೊಡುತ್ತೇನೆ" ಅಂದು, ಹುಬ್ಬಳ್ಳಿಯವನು ಹೂಂ ಎಂದಿದ್ದರೆ? ಗದಗಿನದ್ದು. ಯಾರು ಪ್ರಸ್ತಾಪ ಮಾಡಿದರು ಎಂದು ಮೊದಲ ಸಾಲಿನಲ್ಲೇ ಗುರುತು ಹಾಕಿ. ಇ-ಮೇಲ್ ಅಂತ ಬಂದರೆ ಐಟಿ ಕಾಯ್ದೆ 2000ರ ಕಲಂ 13ನ್ನೂ ಬರೆಯಿರಿ.

ಮೊಹೊರಿ ಬೀಬಿ ವಿರುದ್ಧ ಧರ್ಮೊದಾಸ್ ಘೋಷ್ (ಪ್ರಿವಿ ಕೌನ್ಸಿಲ್, 1903)

ಕಥೆ: ಅಪ್ರಾಪ್ತ ಧರ್ಮೊದಾಸ್ 1895ರಲ್ಲಿ ಸಾಲ ಕೊಡುವ ಬ್ರಹ್ಮೊ ದತ್‌ಗೆ 20,000 ರೂಪಾಯಿಗೆ ಆಸ್ತಿ ಅಡಮಾನ ಬರೆದುಕೊಟ್ಟ. ತಾನು ಪ್ರಾಪ್ತ ಎಂದು ಸಹಿಯೂ ಹಾಕಿದ. ಆದರೆ ಸಾಲ ಕೊಟ್ಟವನ ಪರ ವ್ಯವಹಾರ ನೋಡುತ್ತಿದ್ದ ಅಟಾರ್ನಿಗೆ ಹುಡುಗ ಅಪ್ರಾಪ್ತ ಎಂದು ಮೊದಲೇ ತಿಳಿಸಲಾಗಿತ್ತು. ಅಡಮಾನ ರದ್ದು ಮಾಡಿ ಎಂದು ಹುಡುಗ ತಾಯಿಯ ಮೂಲಕ ದಾವೆ ಹಾಕಿದ. ಬ್ರಹ್ಮೊ ದತ್ ತೀರಿಕೊಂಡ ಮೇಲೆ ಕೇಸು ಮುಂದುವರಿಸಿದ್ದು ಮೊಹೊರಿ ಬೀಬಿ.

ವಿವಾದಾಂಶ: ಅಪ್ರಾಪ್ತನ ಕರಾರು ರದ್ದು ಮಾಡಬಹುದಾದದ್ದೋ, ಮೊದಲಿನಿಂದಲೇ ಶೂನ್ಯವೋ? ಶೂನ್ಯವಾದರೆ ಹಣ ವಾಪಸ್ ಕೊಡಬೇಕೇ?

ನಿಯಮ: ಕಲಂ 10, 11. ವಾಪಸಾತಿಗೆ ಕಲಂ 64, 65. ಆಗಿನ ಸಾಕ್ಷ್ಯ ಕಾಯ್ದೆಯ ಕಲಂ 115, ಅಂದರೆ ಎಸ್ಟಾಪೆಲ್. ನಿರ್ದಿಷ್ಟ ಪರಿಹಾರ ಕಾಯ್ದೆ 1877ರ ಕಲಂ 41.

ತರ್ಕ: ಕರಾರು ಮಾಡುವ ಅರ್ಹತೆಯೇ ಇಲ್ಲದಿದ್ದರೆ ಕರಾರು ಹುಟ್ಟುವುದೇ ಇಲ್ಲ. ಕಲಂ 64, 65 ಅರ್ಹರ ನಡುವಿನ ಕರಾರಿಗೆ ಮಾತ್ರ. ಎಸ್ಟಾಪೆಲ್ ಯಾಕೆ ನಡೆಯಲಿಲ್ಲ? ಸುಳ್ಳು ಹೇಳಿಕೆಯಿಂದ ಮೋಸ ಹೋದವನಿಗೆ ಅದು ರಕ್ಷಣೆ. ಅಟಾರ್ನಿಗೆ ನಿಜ ಗೊತ್ತಿತ್ತು, ಅವನ ಅರಿವೇ ಸಾಲ ಕೊಟ್ಟವನ ಅರಿವು. ಕಲಂ 41ರ ಕೆಳಗೆ ಹಣ ಕೊಡಿಸುವುದು ಕೋರ್ಟಿನ ವಿವೇಚನೆ. ವಯಸ್ಸು ಗೊತ್ತಿದ್ದೂ ಸಾಲ ಕೊಟ್ಟವನಿಗೆ ಕೆಳಗಿನ ಕೋರ್ಟುಗಳು ಕೊಡಿಸಲಿಲ್ಲ. ಅದರಲ್ಲಿ ಕೈ ಹಾಕಲು ಪ್ರಿವಿ ಕೌನ್ಸಿಲ್‌ಗೆ ಕಾರಣ ಕಾಣಲಿಲ್ಲ.

ತೀರ್ಪು: ಅಪ್ರಾಪ್ತನ ಕರಾರು ಪೂರ್ತಿ ಶೂನ್ಯ, ಅಡಮಾನ ರದ್ದು, ಹಣ ವಾಪಸಿಲ್ಲ.

"ಅಪ್ರಾಪ್ತ ಎಂದೂ ಏನೂ ವಾಪಸ್ ಕೊಡಬೇಕಿಲ್ಲ" ಎಂದು ಬರೆದರೆ ತಪ್ಪು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 33ರ ಪ್ರಕಾರ, ಅವನಿಗೆ ಲಾಭ ಆದ ಮಟ್ಟಿಗೆ ಕೋರ್ಟು ವಾಪಸ್ ಕೊಡಿಸಬಹುದು. ಎಸ್ಟಾಪೆಲ್ ಈಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 121. ಹಳೆಯ ನಂಬರನ್ನೂ ಪಕ್ಕದಲ್ಲಿ ಬರೆಯಿರಿ, ತೀರ್ಪಿನಲ್ಲಿ ಇರುವುದು ಅದೇ ಅಲ್ವಾ.