ಪ್ರೆಸ್ ನಂ. 4 (100 ಟನ್ ಹೈಡ್ರಾಲಿಕ್): ರಿಪೇರಿಗೆ ಮುಂಚೆ ಬೀಗ ಹಾಕುವ ಕ್ರಮ

ಸೀಲ್, ಹೋಸ್, ವಾಲ್ವ್ ಯಾವುದನ್ನು ಬಿಚ್ಚುವುದಿದ್ದರೂ ಮೊದಲು ಇದನ್ನು ಓದಿ. ಎರಡು ನಿಮಿಷದ ಕೆಲಸಕ್ಕೂ ಇದೇ ಕ್ರಮ.

ಎಮರ್ಜೆನ್ಸಿ ಬಟನ್ ಒತ್ತಿದರೆ ಸಾಕು ಅಂದುಕೊಳ್ಳಬೇಡಿ. ಅದು ಕಂಟ್ರೋಲ್ ಲೈನನ್ನಷ್ಟೇ ಕಟ್ ಮಾಡುತ್ತದೆ. ಪ್ಯಾನೆಲ್‌ಗೆ ಬರುವ 415 ವೋಲ್ಟ್ ಹಾಗೇ ಇರುತ್ತದೆ.

1. ಆಪರೇಟರ್‌ಗೆ, ಶಿಫ್ಟ್ ಸೂಪರ್‌ವೈಸರ್‌ಗೆ ಹೇಳಿ. ಡೈ ಮೇಲಿನ ಜಾಬ್ ತೆಗೆಸಿ.

2. ರ್‍ಯಾಮನ್ನು ಪೂರ್ತಿ ಕೆಳಗಿಳಿಸಿ, ಮೋಟಾರ್ ನಿಲ್ಲಿಸಿ. ಕೆಲಸಕ್ಕೆ ರ್‍ಯಾಮ್ ಮೇಲೇ ಇರಬೇಕಾದರೆ, ಮೇಲೆತ್ತಿ ಮೋಟಾರ್ ನಿಲ್ಲಿಸಿ.

3. ಮೇನ್ ಐಸೊಲೇಟರ್ ಆಫ್ ಮಾಡಿ, ಹ್ಯಾಸ್ಪ್ ಸಿಕ್ಕಿಸಿ, ನಿಮ್ಮ ಕೆಂಪು ಬೀಗ ಹಾಕಿ. ಟ್ಯಾಗ್ ಮೇಲೆ ಹೆಸರು, ಸಮಯ, ಕೆಲಸ ಬರೆಯಿರಿ. ಮೂವರು ಕೆಲಸ ಮಾಡಿದರೆ ಮೂರು ಬೀಗ. ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ. ಎಜೆಕ್ಟರ್‌ನ ಏರ್ ಲೈನ್ ವಾಲ್ವ್ ಮುಚ್ಚಿ, ಅದಕ್ಕೂ ಬೀಗ ಹಾಕಿ, ಉಳಿದ ಗಾಳಿ ಬಿಡಿ.

4. ರ್‍ಯಾಮ್ ಮೇಲಿದ್ದರೆ ಸೇಫ್ಟಿ ಬ್ಲಾಕ್ ಇಡಿ. ಹಿಡಿಕೆ ಹಿಡಿದು ಪಕ್ಕದಿಂದ ತಳ್ಳಿ. ಕೈ, ತಲೆ ರ್‍ಯಾಮ್ ಕೆಳಗೆ ಹೋಗಕೂಡದು. ಮರದ ತುಂಡು, ಜ್ಯಾಕ್ ಬೇಡವೇ ಬೇಡ. ಬ್ಲಾಕ್ ರ್‍ಯಾಮ್‌ನ ಭಾರ ಹೊರುತ್ತದೆ, ಪ್ರೆಸ್‌ನ ಒತ್ತಡವನ್ನಲ್ಲ. ಅದಕ್ಕೇ ಬೀಗ ಮೊದಲು, ಬ್ಲಾಕ್ ಆಮೇಲೆ.

5. ಪ್ರೆಶರ್ ಬಿಡಿ. ಜಾಸ್ತಿ ಜನ ತಪ್ಪುವುದು ಇಲ್ಲೇ. ಮೋಟಾರ್ ನಿಂತರೂ ಅಕ್ಯುಮ್ಯುಲೇಟರ್‌ನಲ್ಲಿ ಒತ್ತಡ ಉಳಿದಿರುತ್ತದೆ. ಅದರ ಡ್ರೈನ್ ವಾಲ್ವ್ ನಿಧಾನವಾಗಿ ತೆರೆದು ಎಣ್ಣೆ ಟ್ಯಾಂಕಿಗೆ ಇಳಿಯಲು ಬಿಡಿ. ಕೆಲಸ ಮುಗಿಯುವವರೆಗೂ ಅದು ತೆರೆದೇ ಇರಲಿ. ಸಿಲಿಂಡರ್ ಲೈನಿನ ಬ್ಲೀಡ್ ವಾಲ್ವ್ ಕೂಡ ತೆರೆಯಿರಿ. ರ್‍ಯಾಮ್ ಬ್ಲಾಕ್ ಮೇಲೆ ಕೂರಬೇಕು. ಗೇಜ್ ಸೊನ್ನೆ ತೋರಿಸಿದರೂ ಪೂರ್ತಿ ನಂಬಬೇಡಿ: ಚೆಕ್ ವಾಲ್ವ್‌ಗೂ ಸಿಲಿಂಡರ್‌ಗೂ ನಡುವೆ ಎಣ್ಣೆ ಸಿಕ್ಕಿಕೊಂಡಿರಬಹುದು. 6ನೇ ಹಂತ ಮುಗಿದ ಮೇಲೆ ಬಿಚ್ಚುವಾಗ ಫಿಟಿಂಗನ್ನು ಮೊದಲು ಸ್ವಲ್ಪವೇ ಸಡಿಲಿಸಿ, ಎಣ್ಣೆ ಚಿಮ್ಮುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಪೂರ್ತಿ ಬಿಚ್ಚಿ. ಕನ್ನಡಕ ಹಾಕಿರಿ.

ಲೀಕ್ ಎಲ್ಲಿ ಅಂತ ಬೆರಳಿಟ್ಟು ನೋಡಬೇಡಿ, ರಟ್ಟು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಾಣುತ್ತದೆ, ನೋವೂ ಮೊದಲು ಇರದಿರಬಹುದು. ಆದರೆ ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾದೀತು. ಹಾಗಾದರೆ ಬ್ಯಾಂಡೇಜ್ ಸುತ್ತಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ‘ಹೈಡ್ರಾಲಿಕ್ ಎಣ್ಣೆ ಒಳಗೆ ಹೊಕ್ಕಿದೆ’ ಅಂತಲೇ ಡಾಕ್ಟರಿಗೆ ಹೇಳಿ.

6. ಎಲೆಕ್ಟ್ರಿಷಿಯನ್ ಮೂರೂ ಫೇಸ್ ಟೆಸ್ಟ್ ಮಾಡಲಿ. ಟೆಸ್ಟರ್ ಸರಿಯಿದೆಯಾ ಅಂತ ಮುಂಚೆ, ಆಮೇಲೆ ಎರಡು ಸಲವೂ ಕರೆಂಟ್ ಇರುವ ಕಡೆ ನೋಡಬೇಕು. ಎಲ್ಲರನ್ನೂ ದೂರ ನಿಲ್ಲಿಸಿ ಸ್ಟಾರ್ಟ್ ಬಟನ್ ಒತ್ತಿ. ಮೋಟಾರ್ ತಿರುಗಬಾರದು. ಇದಾದ ಮೇಲೆ ಸ್ಪ್ಯಾನರ್ ಹಿಡಿಯಿರಿ.

ಶಿಫ್ಟ್ ಬದಲಾದರೆ, ಬರುವವರು ತಮ್ಮ ಬೀಗ ಹಾಕಿದ ಮೇಲೇ ಹೋಗುವವರು ತಮ್ಮದನ್ನು ತೆಗೆಯಲಿ. ಇನ್ನೊಬ್ಬರ ಬೀಗ ಮುಟ್ಟಬೇಡಿ. ಯಾರಾದರೂ ಬೀಗ ಬಿಟ್ಟು ಮನೆಗೆ ಹೋಗಿದ್ದರೆ ಮೇಂಟೆನೆನ್ಸ್ ಇನ್‌ಚಾರ್ಜ್‌ಗೆ ತಿಳಿಸಿ. ಅವರು ಫೋನ್ ಮಾಡಿ, ಪ್ರೆಸ್ ಪೂರ್ತಿ ನೋಡಿ ತೀರ್ಮಾನಿಸುತ್ತಾರೆ.

ಕೆಲಸ ಮುಗಿದ ಮೇಲೆ ಟೂಲ್ಸ್ ಎಣಿಸಿ, ಗಾರ್ಡ್ ಹಾಕಿ, ಡ್ರೈನ್ ಮತ್ತು ಬ್ಲೀಡ್ ವಾಲ್ವ್ ಮುಚ್ಚಿ. ಬ್ಲಾಕ್ ಮೇಲೆ ರ್‍ಯಾಮ್ ಕೂತಿರುವುದರಿಂದ ಅದನ್ನು ಹಾಗೇ ಎಳೆಯಬೇಡಿ. ಎಲ್ಲರೂ ದೂರ ಸರಿದು, ಅವರವರ ಬೀಗ ಅವರವರೇ ತೆಗೆದ ಮೇಲೆ, ಪವರ್ ಕೊಟ್ಟು ರ್‍ಯಾಮನ್ನು ಮೇಲಕ್ಕೆ ಮಾತ್ರ ಎತ್ತಿ. ಮತ್ತೆ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಬ್ಲಾಕನ್ನು ಹಿಡಿಕೆಯಿಂದ ಪಕ್ಕಕ್ಕೆ ಎಳೆದುಕೊಳ್ಳಿ. ಬೀಗ ತೆಗೆದು, ಜಾಬ್ ಇಡದೆ ಒಂದೆರಡು ಸ್ಟ್ರೋಕ್ ಓಡಿಸಿ, ಲೀಕ್ ಇಲ್ಲದಿದ್ದರೆ ಆಪರೇಟರ್‌ಗೆ ಒಪ್ಪಿಸಿ.